ಮುಂದಲೆಯ ಗೆರೆ ಉಳಿಯಬೇಕು: ಫೋಟೋವನ್ನು ಕಾವಿ ಚಿತ್ರವಾಗಿಸುವಾಗ ಕಲಿತ ಪಾಠಗಳು

ಸಂತೆಕಟ್ಟೆಯ ನನ್ನ ಸ್ಟುಡಿಯೋಗೆ ಮಳೆಗಾಲ ಮುಗಿದು ಮೇಳಗಳು ಹೊರಡುವ ಹೊತ್ತಿಗೆ ಒಂದೇ ಬಗೆಯ ಕೆಲಸ ಬರತೊಡಗುತ್ತದೆ. ಯಕ್ಷಗಾನ ವೇಷದ ಫೋಟೋ ಕೊಟ್ಟು, ಇದನ್ನು ಚಿತ್ರದ ಹಾಗೆ ಮಾಡಿಕೊಡಿ ಎನ್ನುತ್ತಾರೆ. ಕರೆಯೋಲೆಗೆ, ಸನ್ಮಾನಪತ್ರಕ್ಕೆ, ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ. ಈಚೆಗೆ ಕೆಲವರು ಕಾವಿ ಕಲೆಯ ಶೈಲಿಯನ್ನೇ ಕೇಳುತ್ತಾರೆ. ಕರಾವಳಿಯ ಹಳೆಯ ದೇವಸ್ಥಾನಗಳ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಗೀರಿ ಕೆರೆದು, ಒಳಗಿನ ಬಿಳಿ ಕಾಣಿಸುವಂತೆ ಮಾಡುವ ಚಿತ್ರ ಅದು. ಇರುವುದು ಎರಡೇ ಬಣ್ಣ, ಕೆಂಪು ಮತ್ತು ಬಿಳಿ.

ಸ್ಟೇಬಲ್ ಡಿಫ್ಯೂಷನ್‌ನಂಥ ಚಿತ್ರ ತಯಾರಿಸುವ ಮಾದರಿಗೆ ಬರೇ ಮಾತಿನಲ್ಲಿ ಹೇಳಿದರೆ ಅದು ತನಗೆ ತೋಚಿದ ನರ್ತಕನನ್ನು ತೋಚಿದ ಭಂಗಿಯಲ್ಲಿ ಬರೆಯುತ್ತದೆ. ಗಿರಾಕಿಗೆ ಬೇಕಾದದ್ದು ತನ್ನದೇ ಫೋಟೋದ ಆ ನಿಲುವು, ಆ ಕೈ, ಆ ಮುಂದಲೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ವ್ಮಿನ್ ಝಾಂಗ್, ಆನ್ಯಿ ರಾವ್ ಮತ್ತು ಮನೀಶ್ ಅಗ್ರವಾಲಾ ಪ್ರಕಟಿಸಿದ ಕಂಟ್ರೋಲ್‌ನೆಟ್ ಈ ತೊಡಕಿಗೆ ದಾರಿ ತೋರಿಸಿತು. ಮಾತಿನ ಜೊತೆಗೆ ಒಂದು ನಕ್ಷೆಯನ್ನೂ ಕೊಡಬಹುದು. ದೇಹದ ಕೀಲುಗಳ ನಕ್ಷೆಯಾದರೂ ಆದೀತು, ಫೋಟೋದ ಅಂಚುಗೆರೆಗಳ ನಕ್ಷೆಯಾದರೂ ಆದೀತು. ಮಾದರಿ ಆ ನಕ್ಷೆಯ ಮೇಲೆಯೇ ಚಿತ್ರ ಕಟ್ಟುತ್ತದೆ. ಯಾವ ನಕ್ಷೆ, ಎಷ್ಟು ಬಿಗಿ, ಎಲ್ಲಿಯವರೆಗೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಬಡಗುತಿಟ್ಟಿನ ಅಭಿಮನ್ಯು ವೇಷದ ಒಂದು ಫೋಟೋವನ್ನು ಹಿಡಿದುಕೊಂಡು ಅದನ್ನೇ ಇಲ್ಲಿ ಹೇಳುತ್ತೇನೆ.

1. ಭಂಗಿಯ ನಕ್ಷೆಗೆ ವೇಷ ಕಾಣುವುದಿಲ್ಲ

ಎಲ್ಲರೂ ಮೊದಲು ಕೈಹಾಕುವುದು ಓಪನ್‌ಪೋಸ್‌ಗೆ. ಮನುಷ್ಯನ ಚಿತ್ರ ತಾನೆ, ಭಂಗಿ ಹಿಡಿದರೆ ಸಾಕು ಎಂಬ ಲೆಕ್ಕ. ಅದು ದೇಹದಲ್ಲಿ 18 ಬಿಂದುಗಳನ್ನು ಗುರುತಿಸುತ್ತದೆ: ಮೂಗು, ಕುತ್ತಿಗೆ, ಕಣ್ಣು, ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡು. ಬೇಕೆಂದರೆ ಒಂದೊಂದು ಕೈಗೆ ಇನ್ನೂ 21 ಬಿಂದು. ಕಪ್ಪು ಹಿನ್ನೆಲೆಯ ಮೇಲೆ ಬಣ್ಣಬಣ್ಣದ ಕಡ್ಡಿಗಳ ಮನುಷ್ಯ ತಯಾರಾಗುತ್ತಾನೆ.

ಆ ಕಡ್ಡಿ ಮನುಷ್ಯನ ತಲೆಯ ಮೇಲೆ ಏನೂ ಇಲ್ಲ ಎಂಬುದನ್ನು ಗಮನಿಸಿ. ಅಭಿಮನ್ಯುವಿಗೆ ಕಟ್ಟುವ ಕೇದಗೆ ಮುಂದಲೆ ಇಲ್ಲ, ಭುಜಕೀರ್ತಿ ಇಲ್ಲ, ಎದೆಪದಕ ಇಲ್ಲ, ಕಸೆ ಸೀರೆಯ ನೆರಿಗೆ ಇಲ್ಲ. ಅವೆಲ್ಲವನ್ನೂ ಮಾದರಿ ತಾನು ಕಂಡ ಚಿತ್ರಗಳಿಂದ ತುಂಬಿಕೊಳ್ಳಬೇಕು. ಅದು ಹೆಚ್ಚಾಗಿ ಕಂಡಿರುವುದು ಕಥಕ್ಕಳಿಯನ್ನು, ಥಾಯ್ಲೆಂಡಿನ ನೃತ್ಯವನ್ನು, ಯುರೋಪಿನ ರಾಜರ ಕಿರೀಟವನ್ನು. ಹಾಗಾಗಿ ಭಂಗಿ ಸರಿಯಾಗಿಯೇ ಬಂತು, ತಲೆಗೆ ಮಾತ್ರ ಗೋಪುರದಂಥ ಚಿನ್ನದ ಕಿರೀಟ ಬಂತು. ಚಿತ್ರ ನೋಡಿದ ವೇಷಧಾರಿಯೊಬ್ಬರು ಹೇಳಿದ್ದು ಒಂದೇ ಮಾತು: "ಕೂತ ಗತ್ತು ಸರಿ ಉಂಟು ಮಾರಾಯ್ರೆ, ಆದ್ರೆ ಇದು ಅಭಿಮನ್ಯು ಅಲ್ಲ."

ಅವರ ಮಾತಿನಲ್ಲೇ ಪಾಠವಿದೆ. ಯಕ್ಷಗಾನದ ಫೋಟೋದಲ್ಲಿ ಪಾತ್ರ ಯಾರೆಂದು ಹೇಳುವುದು ಮೊಣಕೈ ಇರುವ ಜಾಗ ಅಲ್ಲ, ವೇಷದ ಹೊರ ಅಂಚು. ಚುಕ್ಕಿ ರಂಗೋಲಿಗೆ ಹೋಲಿಸುವುದಾದರೆ ಭಂಗಿಯ ನಕ್ಷೆ ಚುಕ್ಕಿಗಳನ್ನಷ್ಟೇ ಇಟ್ಟುಕೊಡುತ್ತದೆ, ಎಳೆ ಎಳೆಯುವ ಕೆಲಸ ಮಾದರಿಯ ಪಾಲಿಗೆ ಬೀಳುತ್ತದೆ. ಎಳೆಯೂ ನಮ್ಮದೇ ಆಗಬೇಕಿದ್ದರೆ ಅಂಚುಗೆರೆಯ ನಕ್ಷೆ ಬೇಕು.

2. ಗೆರೆ ತೆಗೆಯುವ ಮೊದಲೇ ಅಳತೆ ಮಾಡಿಕೊಳ್ಳಿ

ಅಂಚುಗೆರೆ ತೆಗೆಯಲು ಹಳೆಯ, ನಂಬಬಹುದಾದ ವಿಧಾನ ಜಾನ್ ಕ್ಯಾನಿ 1986ರಲ್ಲಿ ಕೊಟ್ಟದ್ದು. ಬೆಳಕು ಥಟ್ಟನೆ ಬದಲಾಗುವ ಕಡೆ ಅದು ಒಂದು ಪಿಕ್ಸೆಲ್ ದಪ್ಪದ ಬಿಳಿ ಗೆರೆ ಎಳೆಯುತ್ತದೆ. ಇಲ್ಲಿ ಸಣ್ಣ ಸಂಗತಿಯೊಂದು ದೊಡ್ಡ ತೊಂದರೆ ಕೊಡುತ್ತದೆ. ಕ್ಯಾಮೆರಾದ 4000×6000 ಪಿಕ್ಸೆಲ್ ಫೋಟೋದಿಂದ ಗೆರೆ ತೆಗೆದು ಆಮೇಲೆ ಕುಗ್ಗಿಸಿದರೆ ಆ ಸಪೂರ ಗೆರೆಗಳು ಮಸುಕಾಗಿ ತುಂಡುತುಂಡಾಗುತ್ತವೆ. ಮಾದರಿಗೆ ಅವು ಗೆರೆಯಾಗಿ ಕಾಣದೆ ಧೂಳಾಗಿ ಕಾಣುತ್ತವೆ. ಆದ್ದರಿಂದ ಮೊದಲು ಫೋಟೋವನ್ನು ಚಿತ್ರ ಬರಬೇಕಾದ ಅಳತೆಗೇ ತನ್ನಿ, ನಂತರ ಗೆರೆ ತೆಗೆಯಿರಿ. ಡಿಎಸ್‌ಎಲ್‌ಆರ್‌ನ ನಿಲುವು ಫೋಟೋ 2:3 ಪ್ರಮಾಣದ್ದು, 512×768ಕ್ಕೆ ಕತ್ತರಿಸದೆ ಕೂತುಕೊಳ್ಳುತ್ತದೆ. ಮೊಬೈಲಿನದು ಸಾಮಾನ್ಯವಾಗಿ 3:4, ಅದಕ್ಕೆ 576×768.

ನಾನು ಬಳಸುವುದು ಇಷ್ಟೇ:

```python
import cv2
g = cv2.imread("abhimanyu.jpg", cv2.IMREAD_GRAYSCALE)
g = cv2.resize(g, (512, 768), interpolation=cv2.INTER_AREA)
g = cv2.bilateralFilter(g, 7, 60, 60)
cv2.imwrite("gere.png", cv2.Canny(g, 70, 160))
```

ನಾಲ್ಕನೆಯ ಸಾಲು ಸಣ್ಣ ಮಿನುಗುಗಳನ್ನು ಮೆತ್ತಗೆ ಮಾಡಿ ದೊಡ್ಡ ಅಂಚುಗಳನ್ನು ಹಾಗೇ ಬಿಡುತ್ತದೆ. ಕೊನೆಯ ಸಾಲಿನ ಎರಡು ಸಂಖ್ಯೆಗಳೇ ಮುಖ್ಯ. 160ಕ್ಕಿಂತ ಜೋರಾದ ಅಂಚು ಉಳಿಯುತ್ತದೆ, 70ಕ್ಕಿಂತ ಸಪ್ಪೆಯಾದದ್ದು ಹೋಗುತ್ತದೆ, ನಡುವಿನದು ಯಾವುದಾದರೂ ಜೋರು ಗೆರೆಗೆ ತಾಗಿಕೊಂಡಿದ್ದರೆ ಮಾತ್ರ ಉಳಿಯುತ್ತದೆ. ನಕ್ಷೆ ತೀರಾ ಗಿಜಿಗಿಜಿ ಎನಿಸಿದರೆ ಮೇಲಿನ ಸಂಖ್ಯೆ ಏರಿಸಿ. ಗೆರೆಗಳು ನಡುನಡುವೆ ಕಡಿದುಹೋದರೆ ಕೆಳಗಿನದನ್ನು ಇಳಿಸಿ.

3. ನಕ್ಷೆಯನ್ನು ಕೈಯಿಂದ ತಿದ್ದುವುದೇ ನಿಜವಾದ ಕೆಲಸ

ರಾತ್ರಿ ರಂಗಸ್ಥಳದ ಫೋಟೋದಿಂದ ಬಂದ ಗೆರೆಗಳನ್ನು ಹಾಗೇ ಬಳಸಲು ಆಗುವುದಿಲ್ಲ. ಅಭಿಮನ್ಯುವಿನ ಫೋಟೋದಲ್ಲಿ ಮೂರು ಕಡೆ ತೊಂದರೆ ಇತ್ತು, ಮೂರೂ ಬೇರೆಬೇರೆ ಜಾತಿಯವು.

ಮೊದಲನೆಯದು ಕಸೆ ಸೀರೆಯ ಚೌಕುಳಿ. ಕ್ಯಾನಿಗೆ ಚೌಕುಳಿಯ ಪ್ರತಿಯೊಂದು ಗೆರೆಯೂ ಅಂಚೇ. ಮೊಣಕಾಲಿನ ಹೊರ ಅಂಚಿಗೂ ಬಟ್ಟೆಯ ವಿನ್ಯಾಸಕ್ಕೂ ಅದು ಭೇದ ಮಾಡುವುದಿಲ್ಲ. ಹಾಗೇ ಬಿಟ್ಟಾಗ ಮಾದರಿ ಆ ಚೌಕಗಳನ್ನು ಬುಟ್ಟಿಯ ಹೆಣಿಗೆಯಂತೆ, ಇನ್ನೊಮ್ಮೆ ಕಿಟಕಿಯ ಸರಳಿನಂತೆ ಬರೆಯಿತು. ಎರಡೇ ಬಣ್ಣದ ಕಾವಿ ಚಿತ್ರದಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ, ಕಾಲು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ನಕ್ಷೆಯನ್ನು ಜಿಂಪ್‌ನಲ್ಲಿ ತೆರೆದು ಕಪ್ಪು ಬ್ರಷ್‌ನಿಂದ ಚೌಕುಳಿಯನ್ನು ಅಳಿಸಿದೆ. ನೆರಿಗೆಯ ದೊಡ್ಡ ಮಡಿಕೆಗಳನ್ನು ಮಾತ್ರ ಬಿಟ್ಟೆ. ಚೌಕುಳಿ ಬೇಕೆಂದಿದ್ದರೆ ಕೊನೆಯಲ್ಲಿ ಕೈಯಿಂದಲೇ ಸೇರಿಸಬಹುದು.

ಎರಡನೆಯದು ಇದಕ್ಕೆ ಉಲ್ಟಾ, ಇರಬೇಕಾದ ಗೆರೆ ಇಲ್ಲದಿರುವುದು. ಮುಂದಲೆಯ ಕಪ್ಪು ಸುತ್ತು ಕತ್ತಲೆ ಹಿನ್ನೆಲೆಯಲ್ಲಿ ಕರಗಿಹೋಗಿತ್ತು. ಜರಿಪಟ್ಟಿ ಇದ್ದಷ್ಟು ಕಡೆ ಗೆರೆ ಬಂದಿತ್ತು, ಮೇಲಿನ ತುದಿಯಲ್ಲಿ ಏನೂ ಇರಲಿಲ್ಲ. ಗೆರೆ ತೆರೆದೇ ಉಳಿದರೆ ಮಾದರಿ ಅದನ್ನು ತನಗೆ ಬೇಕಾದಂತೆ ಮುಚ್ಚುತ್ತದೆ. ಕೇದಗೆಯ ಎಸಳಿನ ಆಕಾರ ಹೋಗಿ ಉರುಟು ಪೇಟ ಬರುವುದು ಇಲ್ಲಿಯೇ. ಫೋಟೋವಿನ ಬೆಳಕನ್ನು ಏರಿಸಿ ಕೆಳಗಿನ ಪದರದಲ್ಲಿಟ್ಟುಕೊಂಡು, 2 ಪಿಕ್ಸೆಲ್ ದಪ್ಪದ ಬಿಳಿ ಬ್ರಷ್‌ನಿಂದ ಆ ತುದಿಯನ್ನು ಎಳೆದು ಮುಚ್ಚಿದೆ. ನೆಲದ ಕತ್ತಲೆಗೆ ಸೇರಿಹೋಗಿದ್ದ ಎಡಪಾದಕ್ಕೂ ಅದೇ ಉಪಚಾರ. ಒಟ್ಟು ಎಳೆದದ್ದು ಗೇಣುದ್ದ ಗೆರೆಯಾದರೂ ಚಿತ್ರ ಯಾರದು ಎಂಬುದು ತೀರ್ಮಾನವಾದದ್ದು ಅದರಿಂದಲೇ.

ಮೂರನೆಯದು ಹಿಮ್ಮೇಳ. ಹಿಂದೆ ಕೂತ ಭಾಗವತರು, ಮದ್ದಳೆ, ಮೈಕಿನ ಕಂಬ, ಪರದೆಯ ಮೇಲಿನ ಅಕ್ಷರ ಎಲ್ಲ ಅರೆಬರೆ ಗೆರೆಗಳಾಗಿ ಬಂದಿದ್ದವು. ಅರ್ಧ ಕಾಣುವ ವಸ್ತುವನ್ನು ಮಾದರಿ ಪೂರ್ತಿ ಮಾಡಲು ಹೊರಡುತ್ತದೆ, ಮೈಕಿನ ಕಂಬ ಭರ್ಜಿಯಾಗುತ್ತದೆ. ಗಿರಾಕಿಗೆ ಹಿಮ್ಮೇಳ ಬೇಡವಾಗಿತ್ತು, ಪೂರ್ತಿ ಅಳಿಸಿದೆ. ಅಂಚುಗೆರೆಯ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ಬಹುಮಟ್ಟಿಗೆ ಖಾಲಿಯಾಗಿಯೇ ಬರುತ್ತದೆ. ಭಂಗಿಯ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಕಪ್ಪು ಜಾಗಕ್ಕೆ ಅರ್ಥವೇ ಇಲ್ಲದ ಕಾರಣ ಕಂಬ, ಗೋಪುರ, ಜನಜಂಗುಳಿ ಏನು ಬೇಕಾದರೂ ಬಂದು ನಿಲ್ಲಬಹುದು.

ತಿದ್ದಿದ ನಕ್ಷೆಯನ್ನು ಕಂಟ್ರೋಲ್‌ನೆಟ್‌ಗೆ ಕೊಡುವಾಗ `Preprocessor` ಎಂಬಲ್ಲಿ `none` ಇರಲಿ. `canny` ಎಂದೇ ಬಿಟ್ಟರೆ ಅದು ಗೆರೆಗಳಿಂದ ಮತ್ತೆ ಗೆರೆ ತೆಗೆದು ಪ್ರತಿಯೊಂದನ್ನೂ ಜೋಡಿ ಗೆರೆ ಮಾಡುತ್ತದೆ. ಚಿತ್ರದ ತುಂಬ ರೈಲು ಹಳಿಯಂತೆ ಎರಡೆರಡು ಗೆರೆಗಳು ಕಂಡರೆ ಕಾರಣ ಹುಡುಕಲು ದೂರ ಹೋಗಬೇಡಿ.

4. ಎರಡು ಬಣ್ಣದ ಶೈಲಿಗೆ ಫೋಟೋವಿನ ಬಣ್ಣ ಬೇಡ

ಫೋಟೋವನ್ನೇ ಕೊಟ್ಟು ಶೈಲಿ ಬದಲಿಸುವ `img2img` ದಾರಿ ಜಲವರ್ಣಕ್ಕೆ, ತೈಲವರ್ಣಕ್ಕೆ ಒಪ್ಪುತ್ತದೆ, ಅಲ್ಲಿ ಮೂಲದ ಬಣ್ಣ ಉಳಿದಷ್ಟೂ ಒಳ್ಳೆಯದು. ಕಾವಿಗೆ ಅದು ಒಪ್ಪುವುದಿಲ್ಲ. ರಂಗಸ್ಥಳದ ಎಲ್‌ಇಡಿ ದೀಪದ ನೀಲಿ, ಹಸಿರು ಸುಣ್ಣದ ಬಿಳಿಯೊಳಗೆ ಸೋರಿ ಬರುತ್ತವೆ. `Denoising strength` ಕಡಿಮೆ ಇಟ್ಟರೆ ಬಣ್ಣ ಹೋಗುವುದಿಲ್ಲ, ಹೆಚ್ಚಿಟ್ಟರೆ ಫೋಟೋ ಕೊಟ್ಟೂ ಪ್ರಯೋಜನವಿಲ್ಲ. ಆದ್ದರಿಂದ `txt2img` ಹಿಡಿದು, ಫೋಟೋದಿಂದ ಗೆರೆಯನ್ನು ಮಾತ್ರ ತೆಗೆದುಕೊಂಡೆ.

ಶೈಲಿಯ ಮಾತು ಬರೆಯುವಾಗ ಕಾವಿ ಎಂಬ ಹೆಸರು ಕೊಟ್ಟರೂ ಕೊಡದಿದ್ದರೂ ಚಿತ್ರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಮಗ್ರಿ ಮತ್ತು ಕ್ರಮವನ್ನು ವಿವರಿಸಿದಾಗ ಕಂಡಿತು:

```
sgraffito mural, brick red and white only, incised lines in lime plaster, flat, no shading
```

ಯಕ್ಷಗಾನ ಎಂಬ ಪದವನ್ನೂ ಇಲ್ಲಿ ಹಾಕಿಲ್ಲ. ಗೆರೆಗಳೇ ವೇಷವನ್ನು ಹೇಳುತ್ತಿರುವಾಗ ಮಾದರಿಯ ಅರ್ಧಂಬರ್ಧ ತಿಳಿವಳಿಕೆಯನ್ನು ನಾವಾಗಿ ಕರೆಯುವ ಅಗತ್ಯವಿಲ್ಲ.

5. ಬಿಗಿ ಎಷ್ಟು ಎನ್ನುವುದಕ್ಕಿಂತ ಎಲ್ಲಿಯವರೆಗೆ ಎನ್ನುವುದು ದೊಡ್ಡದು

`Control Weight` ಎಂಬುದು ನಕ್ಷೆಯ ಹಿಡಿತ. 0.5ಕ್ಕೆ ಇಟ್ಟಾಗ ಮುಂದಲೆ ಮತ್ತೆ ಪೇಟದ ಕಡೆ ವಾಲಿತು. 1.3ಕ್ಕೆ ಏರಿಸಿದಾಗ ತಂತಿ ಬಗ್ಗಿಸಿ ಇಟ್ಟಂತೆ ಗೆರೆಗಳಷ್ಟೇ ಉಳಿದು ಸುಣ್ಣದ ಗೋಡೆಯ ಮೈ ಬರಲೇ ಇಲ್ಲ. 0.9ರ ಆಸುಪಾಸಿನಲ್ಲಿ ಆಕಾರ ನಿಂತಿತು. ಆದರೂ ಗೆರೆಗಳು ಯಂತ್ರದವೇ ಆಗಿದ್ದವು. ಸುಣ್ಣದಲ್ಲಿ ಗೀರಿದ ಗೆರೆಗೆ ಇರುವ ಸಣ್ಣ ಒರಟುತನ, ಅಂಚಿನಲ್ಲಿ ಉದುರಿದ ಪುಡಿ ಇರಲಿಲ್ಲ.

ಇಲ್ಲಿ ಕೈಹಿಡಿದದ್ದು `Ending Control Step`. ಮಾದರಿ ಚಿತ್ರವನ್ನು ಶುದ್ಧ ಗದ್ದಲದಿಂದ ಹಂತಹಂತವಾಗಿ ಬಿಡಿಸುತ್ತದೆ. ಯಾವ ವಸ್ತು ಎಲ್ಲಿ, ಎಷ್ಟು ದೊಡ್ಡದು ಎಂಬುದು ಮೊದಲ ಹಂತಗಳಲ್ಲೇ ಗಟ್ಟಿಯಾಗುತ್ತದೆ. ಮೇಲ್ಮೈ, ಒರಟು, ನುಣುಪು ಎಲ್ಲ ಕೊನೆಯ ಹಂತಗಳಲ್ಲಿ ಕೂಡಿಕೊಳ್ಳುತ್ತವೆ. 25 ಹಂತ ಇಟ್ಟು, ನಕ್ಷೆಯ ಹಿಡಿತವನ್ನು 0.65ಕ್ಕೆ ನಿಲ್ಲಿಸಿದರೆ ಸುಮಾರು 16ನೆಯ ಹಂತದವರೆಗೆ ಗೆರೆ ಬಿಗಿಯಾಗಿರುತ್ತದೆ, ಉಳಿದ 9 ಹಂತ ಶೈಲಿಗೆ ಬಿಟ್ಟದ್ದು. ಮುಂದಲೆ ಕದಲಲಿಲ್ಲ, ಗೆರೆಗೆ ಸುಣ್ಣದ ಒರಟು ಬಂತು. 0.4ಕ್ಕೆ ಇಳಿಸಿದಾಗ ಭುಜಕೀರ್ತಿಯ ತುದಿಗಳು ಕರಗತೊಡಗಿದವು. ಅಂದರೆ ಸಣ್ಣ ಆಭರಣ ಹೆಚ್ಚಿರುವ ವೇಷಕ್ಕೆ ಬೇಗ ಕೈಬಿಡಬಾರದು.

ಹೋಲಿಸಿ ನೋಡುವಾಗ `Seed` ಒಂದೇ ಇರಬೇಕು, ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಬೇಕು. ಇಲ್ಲದಿದ್ದರೆ ಸುಧಾರಿಸಿದ್ದು ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ. ಕಂಟ್ರೋಲ್‌ನೆಟ್‌ನ ಕಡತವೂ ಮೂಲ ಮಾದರಿಯೂ ಒಂದೇ ಕುಟುಂಬದವಾಗಿರಬೇಕು. `control_v11p_sd15_canny` ಎಂಬುದು ಎಸ್‌ಡಿ 1.5ಕ್ಕೆ ಮಾತ್ರ, ಎಸ್‌ಡಿಎಕ್ಸ್‌ಎಲ್‌ಗೆ ಅದರದ್ದೇ ಬೇರೆ ಕಡತ ಬೇಕು.

6. ಭಂಗಿಯ ನಕ್ಷೆಯನ್ನು ಸಹಾಯಕ್ಕೆ ಮಾತ್ರ ಕರೆಯಿರಿ

ಗೆರೆಯೊಂದೇ ಇದ್ದಾಗ ಒಂದು ಕಡೆ ಎಡವಟ್ಟಾಯಿತು. ಬಾಣ ಹಿಡಿದ ಬಲಗೈ ಎದೆಪದಕದ ಮುಂದೆ ಬಂದಿತ್ತು. ಕೈಯ ಗೆರೆಗೂ ಪದಕದ ಗೆರೆಗೂ ಮಾದರಿ ವ್ಯತ್ಯಾಸ ಕಾಣದೆ, ಕೈಯನ್ನೇ ಆಭರಣದ ಪಟ್ಟಿಯಾಗಿ ಬರೆಯಿತು. ಇದು ಗೆರೆ ನಕ್ಷೆಯ ಸಹಜ ಮಿತಿ: ಅಂಚು ಇದೆ ಎನ್ನುತ್ತದೆ, ಅದು ಯಾವುದರ ಅಂಚು ಎನ್ನುವುದಿಲ್ಲ. ಭಂಗಿಯ ನಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿ. ಎರಡನೆಯ ಘಟಕವಾಗಿ ಓಪನ್‌ಪೋಸ್ ಸೇರಿಸಿ, ಹಿಡಿತ 0.5, ನಿಲುಗಡೆ 0.4 ಎಂದು ಇಟ್ಟೆ. ಮೊದಲ 10 ಹಂತಗಳಲ್ಲಿ ಇದು ಕೈ ಎಂದು ಹೇಳಿ ಅದು ಹಿಂದೆ ಸರಿಯುತ್ತದೆ.

ಆದರೆ ಆ ಕಡ್ಡಿ ಮನುಷ್ಯನನ್ನು ನೋಡದೆ ಒಪ್ಪಬೇಡಿ. ಭುಜಕೀರ್ತಿಯ ಅಡಿ ಮರೆಯಾದ ಮೊಣಕೈಯನ್ನು ಅದು ಆಭರಣದ ತುದಿಯಲ್ಲಿ ಗುರುತಿಸಿತ್ತು. ಪತ್ತೆ ಹಚ್ಚುವುದು ಸುಲಭ, ಎರಡೂ ತೋಳಿನ ಕಡ್ಡಿಗಳ ಉದ್ದ ಹೋಲಿಸಿ. ಕೈ ಕ್ಯಾಮೆರಾದ ಕಡೆ ಚಾಚಿಲ್ಲದಿದ್ದರೂ ಒಂದು ತೋಳು ಇನ್ನೊಂದರ ಅರ್ಧದಷ್ಟೇ ಇದ್ದರೆ ಬಿಂದು ತಪ್ಪಿದೆ ಎಂದೇ ಅರ್ಥ. ಎಡಕಾಲು ಬಲಕಾಲು ಅದಲುಬದಲಾಗುವುದೂ ಕಸೆಯ ವೇಷದಲ್ಲಿ ಸಾಮಾನ್ಯ, ಬಣ್ಣ ನೋಡಿದರೆ ತಿಳಿಯುತ್ತದೆ. ಬಿಂದುವನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸಿ. ಎರಡೂ ನಕ್ಷೆಗಳನ್ನು 1ರ ಹಿಡಿತದಲ್ಲಿ ಒಟ್ಟಿಗೆ ಬಿಗಿದರೆ ಬಣ್ಣ ಸುಟ್ಟಂತಾಗಿ ಗೆರೆಗಳು ಗಡುಸಾಗುತ್ತವೆ.

7. ವೇಷವಿಲ್ಲದ ಫೋಟೋಗಳಿಗೆ ಬೇರೆ ಲೆಕ್ಕ

ಕಾರ್ಕಳದ ಚತುರ್ಮುಖ ಬಸದಿಯ ಕಂಬಸಾಲಿನಂಥದಕ್ಕೆ ನೇರ ಗೆರೆಗಳನ್ನಷ್ಟೇ ಹಿಡಿಯುವ `mlsd` ಸಾಕು, ಕಲ್ಲಿನ ಕಲೆಗಳ ಗೊಂದಲ ಬರುವುದಿಲ್ಲ. ಅದೇ ಊರಿನ ಸುಮಾರು 42 ಅಡಿಯ ಗೊಮ್ಮಟನನ್ನು ಬುಡದಿಂದ ಮೇಲೆ ನೋಡಿ ತೆಗೆದ ಫೋಟೋಗೆ ಭಂಗಿಯ ನಕ್ಷೆ ಬಳಸಿದರೆ, ಮಾದರಿ ಕಾಲು ಉದ್ದವಾದ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತದೆ, ಎತ್ತರ ಹೋಗಿಬಿಡುತ್ತದೆ. ಅದಕ್ಕೆ ದೂರ ಹತ್ತಿರವನ್ನು ಬೂದು ಬಣ್ಣದಲ್ಲಿ ತೋರಿಸುವ `depth` ನಕ್ಷೆ ಒಪ್ಪುತ್ತದೆ. ಕಾಪು ದೀಪಸ್ತಂಭದ ಫೋಟೋದಲ್ಲಿ ಮಂಜಿಗೆ ದಿಗಂತದ ಗೆರೆ ಸಿಗದಿದ್ದರೆ ಕೈಯಿಂದ ಒಂದು ಎಳೆಯಿರಿ, ಇಲ್ಲವಾದರೆ ಕಡಲೂ ಬಾನೂ ಒಂದಾಗಿ ಸ್ತಂಭ ತೇಲುತ್ತದೆ.

ಭೂತಕೋಲದ ಫೋಟೋಗಳನ್ನು ನಾನು ತೆಗೆದುಕೊಳ್ಳುವುದಿಲ್ಲ. ತಂತ್ರ ಅಲ್ಲಿಯೂ ನಡೆಯುತ್ತದೆ. ಆದರೆ ಅಣಿಯ ಆಕಾರ, ಮುಖದ ಬಣ್ಣ ಒಂದಿಷ್ಟು ಬದಲಾದರೂ ಅದು ಬರೇ ಚಿತ್ರದ ದೋಷವಾಗಿ ಉಳಿಯುವುದಿಲ್ಲ, ನಂಬಿದವರಿಗೆ ನೋವಾಗುತ್ತದೆ.

8. ಮುಖ ಚಿಕ್ಕದಿದ್ದರೆ ಯಾವ ನಕ್ಷೆಯೂ ಉಳಿಸದು

ಎಸ್‌ಡಿ 1.5 ಕೆಲಸ ಮಾಡುವುದು ಕುಗ್ಗಿಸಿದ ರೂಪದಲ್ಲಿ. ಚಿತ್ರದ 8×8 ಪಿಕ್ಸೆಲ್‌ಗೆ ಅದರೊಳಗೆ ಒಂದೇ ಮನೆ. ಇಡೀ ವೇಷ ಕಾಣುವ 512×768 ಚಿತ್ರದಲ್ಲಿ ಮುಖ 48 ಪಿಕ್ಸೆಲ್ ಅಗಲವಿದ್ದರೆ ಮಾದರಿಗೆ ಸಿಗುವುದು ಅಗಲಕ್ಕೆ ಆರು ಮನೆ. ಕಣ್ಣು, ಹುಬ್ಬು, ಮೀಸೆ, ಹಣೆಯ ನಾಮ ಎಲ್ಲವೂ ಆರು ಮನೆಯಲ್ಲಿ ಹಿಡಿಸುವುದಿಲ್ಲ. ಗೆರೆ ಎಷ್ಟೇ ಶುದ್ಧವಾಗಿದ್ದರೂ ಮುಖ ಕದಡುತ್ತದೆ. ಬೆರಳಿಗೂ ಇದೇ ಗತಿ.

ಮೊದಲು ಇಡೀ ಚಿತ್ರ ಒಪ್ಪುವಂತೆ ಬರಲಿ. ಆಮೇಲೆ `Inpaint`ಗೆ ಹೋಗಿ ಮುಖಕ್ಕೆ ಮಾತ್ರ ಮುಸುಕು ಹಾಕಿ, `Only masked` ಆರಿಸಿದರೆ ಆ ಭಾಗವನ್ನಷ್ಟೇ ದೊಡ್ಡದು ಮಾಡಿಕೊಂಡು ಮತ್ತೆ ಬರೆಯುತ್ತದೆ. ಆಗ ಮೂಲ ಫೋಟೋದ ಮುಖವನ್ನು ಮಾತ್ರ ಕತ್ತರಿಸಿ, ಅದರಿಂದ ದೊಡ್ಡ ಅಳತೆಯಲ್ಲಿ ಹೊಸ ಗೆರೆ ತೆಗೆದಿಟ್ಟುಕೊಳ್ಳುವುದು ಅಗತ್ಯ. ಹಳೆಯ ನಕ್ಷೆಯನ್ನೇ ಹಿಗ್ಗಿಸಿದರೆ ಮೊದಲೇ ಇಲ್ಲದ ವಿವರ ಬರುವುದಿಲ್ಲ. ಹಣೆಯ ನಾಮವನ್ನು ನಾನು ಯಾವಾಗಲೂ ಕೊನೆಗೆ ಕೈಯಿಂದ ಬರೆಯುತ್ತೇನೆ. ಮಾದರಿ ಅದನ್ನು ಸುಕ್ಕು ಎಂದೋ ಗಾಯ ಎಂದೋ ತಿಳಿಯುತ್ತದೆ.

9. ಕಣ್ಣಂದಾಜಿಗೆ ಒಪ್ಪಿಸಬೇಡಿ

ಬಂದ ಚಿತ್ರದ ಮೇಲೆ ತಿದ್ದಿದ ನಕ್ಷೆಯನ್ನು ಪದರವಾಗಿ ಇಟ್ಟು ಅದರ ರೀತಿಯನ್ನು `Screen` ಮಾಡಿ. ಕಪ್ಪು ಮರೆಯಾಗಿ ಬಿಳಿ ಗೆರೆ ಮಾತ್ರ ಚಿತ್ರದ ಮೇಲೆ ಕೂರುತ್ತದೆ. ಮುಂದಲೆಯ ತುದಿ, ಎರಡೂ ಭುಜಕೀರ್ತಿ, ಬೆರಳು, ಗೆಜ್ಜೆ ಕಟ್ಟಿದ ಕಾಲು, ಈ ಜಾಗಗಳನ್ನು ದೊಡ್ಡದು ಮಾಡಿ ನೋಡಿ. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಸರಿದಿದ್ದರೆ ಅಳತೆಯ ಪ್ರಮಾಣ ಹೊಂದಿಲ್ಲ ಎಂದು ತಿಳಿಯಿರಿ. ಒಂದೇ ಕಡೆ ಸರಿದಿದ್ದರೆ ಅಲ್ಲಿ ನಕ್ಷೆಯ ಗೆರೆ ತೆರೆದಿರುತ್ತದೆ, ಹೋಗಿ ಮುಚ್ಚಿ ಮತ್ತೆ ತೆಗೆಯಿರಿ.

ಗೆರೆ ಕೂತಿತೆಂದ ಮಾತ್ರಕ್ಕೆ ವೇಷ ಸರಿಯಾಯಿತು ಎನ್ನಲಾಗದು. ಮುಂದಲೆಯ ಗೆರೆಯೊಳಗೆ ಜರಿಪಟ್ಟಿಯ ಬದಲು ಹೂವಿನ ಬಳ್ಳಿ ತುಂಬಿದ್ದರೂ ನಕ್ಷೆಗೆ ಅದು ತಿಳಿಯುವುದಿಲ್ಲ, ನಮ್ಮ ಕಣ್ಣಿಗೂ ಚಂದವೇ ಕಾಣಬಹುದು. ಆದ್ದರಿಂದ ಪ್ರಿಂಟಿಗೆ ಕಳಿಸುವ ಮೊದಲು ಆ ವೇಷ ಕಟ್ಟಿದವರಿಗೇ ಚಿತ್ರ ತೋರಿಸಿ, ಅವರ ಒಪ್ಪಿಗೆ ಕೇಳಿ. ಫೋಟೋ ಅವರದ್ದು, ವೇಷ ತಪ್ಪಿದೆಯೇ ಎಂದು ಹೇಳಬಲ್ಲವರೂ ಅವರೇ.